ಮಾತ್ರೆ ಚಿಕ್ಕದು, ಮಂಪರು ದೊಡ್ಡದು: ಮಿರ್ಟಜಪಿನ್‌ನ ವಿಚಿತ್ರ ಲೆಕ್ಕ

ಖಿನ್ನತೆಗೆ ಚಿಕಿತ್ಸೆ ಪಡೆಯುತ್ತಿರುವ ರೋಗಿಯೊಬ್ಬರು ವೈದ್ಯರ ಬಳಿ ಬಂದು, 'ಮಾತ್ರೆ ನುಂಗಿದರೆ ಮರುದಿನ ಮಧ್ಯಾಹ್ನದವರೆಗೂ ಕಣ್ಣು ಬಿಡಲಾಗುವುದಿಲ್ಲ' ಎಂದು ದೂರುತ್ತಾರೆ. ಪ್ರಮಾಣವನ್ನು ಅರ್ಧಕ್ಕೆ ಇಳಿಸುತ್ತಾರೆ ಎಂಬುದು ಅವರ ನಿರೀಕ್ಷೆ. ಆದರೆ ವೈದ್ಯರು 15 ಮಿಲಿಗ್ರಾಂ ಇದ್ದ ಮಾತ್ರೆಯನ್ನು 30 ಮಿಲಿಗ್ರಾಂಗೆ ಏರಿಸಿ ಚೀಟಿ ಬರೆದುಕೊಡುತ್ತಾರೆ. ಜೊತೆಗೆ ಬಂದ ಮನೆಯವರು ವೈದ್ಯರಿಗೆ ಮಾತು ಸರಿಯಾಗಿ ಕೇಳಿಸಲಿಲ್ಲವೇನೋ ಎಂದು ಅನುಮಾನಿಸುವುದು ಸಹಜ.

ವೈದ್ಯರಿಗೆ ಸರಿಯಾಗಿಯೇ ಕೇಳಿಸಿರುತ್ತದೆ. ಮಿರ್ಟಜಪಿನ್ ಎಂಬ ಈ ಔಷಧಿಯ ವಿಷಯದಲ್ಲಿ 'ಕಡಿಮೆ ಪ್ರಮಾಣದಲ್ಲಿ ನಿದ್ದೆ ಹೆಚ್ಚು, ಹೆಚ್ಚು ಪ್ರಮಾಣದಲ್ಲಿ ನಿದ್ದೆ ಕಡಿಮೆ' ಎಂಬ ಮಾತು ಮೂರು ದಶಕಗಳಿಂದ ಮನೋವೈದ್ಯರ ವಲಯದಲ್ಲಿ ಚಾಲ್ತಿಯಲ್ಲಿದೆ. ಈ ಮಾತಿಗೆ ಗಟ್ಟಿಯಾದ ವೈಜ್ಞಾನಿಕ ತರ್ಕವಿದೆ. ಆದರೆ ಅದನ್ನು ಸಾಬೀತುಪಡಿಸುವ ಪುರಾವೆ ತರ್ಕದಷ್ಟು ಗಟ್ಟಿಯಾಗಿಲ್ಲ. ಈ ಎರಡನ್ನೂ ಒಟ್ಟಿಗೆ ತಿಳಿಯದಿದ್ದರೆ ರೋಗಿಗೆ ತನ್ನ ದೇಹದಲ್ಲಿ ನಡೆಯುತ್ತಿರುವುದೇನು ಎಂಬುದು ಅರ್ಥವಾಗುವುದಿಲ್ಲ. ತಾನೇ ಮಾತ್ರೆಯನ್ನು ಚೂರು ಮಾಡಿ ನುಂಗಿದರೂ ಮಂಪರು ಏಕೆ ಇಳಿಯಲಿಲ್ಲ ಎಂಬುದೂ ತಿಳಿಯುವುದಿಲ್ಲ.

ಮಿಯಾನ್ಸೆರಿನ್‌ನ ತಮ್ಮ

ಮಿರ್ಟಜಪಿನ್ ಹುಟ್ಟಿದ್ದು ನೆದರ್ಲೆಂಡ್ಸ್‌ನ ಆರ್ಗನಾನ್ ಕಂಪನಿಯ ಪ್ರಯೋಗಾಲಯದಲ್ಲಿ. ಅದೇ ಕಂಪನಿ ಅದಕ್ಕೂ ಮೊದಲು ಮಿಯಾನ್ಸೆರಿನ್ ಎಂಬ ಖಿನ್ನತೆ ನಿವಾರಕವನ್ನು ತಯಾರಿಸಿತ್ತು. ಆ ಅಣುವಿನಲ್ಲಿದ್ದ ಒಂದು ಇಂಗಾಲದ ಜಾಗದಲ್ಲಿ ಸಾರಜನಕವನ್ನು ಕೂರಿಸಿದಾಗ ದೊರೆತದ್ದೇ ಮಿರ್ಟಜಪಿನ್. 1994ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಬಳಕೆಗೆ ಬಂದ ಈ ಔಷಧಿಗೆ 1996ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಒಪ್ಪಿಗೆ ಸಿಕ್ಕಿತು. ಭಾರತದಲ್ಲಿ ಈಗ ಹಲವು ಕಂಪನಿಗಳ ಹೆಸರಿನಲ್ಲಿ 7.5, 15 ಮತ್ತು 30 ಮಿಲಿಗ್ರಾಂ ಮಾತ್ರೆಗಳಾಗಿ ದೊರೆಯುತ್ತದೆ. ವೈದ್ಯರ ಚೀಟಿಯಿಲ್ಲದೆ ಇದನ್ನು ಮಾರುವಂತಿಲ್ಲ. ಸಾಮಾನ್ಯವಾಗಿ ರಾತ್ರಿ ಮಲಗುವ ಮುನ್ನ 15 ಮಿಲಿಗ್ರಾಂನಿಂದ ಆರಂಭಿಸಿ, ಅಗತ್ಯವಿದ್ದರೆ ಒಂದೆರಡು ವಾರಗಳ ಅಂತರ ಕೊಟ್ಟು ಗರಿಷ್ಠ 45 ಮಿಲಿಗ್ರಾಂವರೆಗೆ ಏರಿಸುವುದು ರೂಢಿ.

ಖಿನ್ನತೆಯ ಇತರ ಅನೇಕ ಔಷಧಿಗಳು ಮಿದುಳಿನಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕವು ನರಕೋಶಕ್ಕೆ ಹಿಂತಿರುಗದಂತೆ ತಡೆದು ಕೆಲಸ ಮಾಡುತ್ತವೆ. ಮಿರ್ಟಜಪಿನ್‌ನ ದಾರಿ ಬೇರೆ. ಅದು ನರಕೋಶಗಳ ಮೇಲಿರುವ ಗ್ರಾಹಕಗಳನ್ನು, ಅಂದರೆ ರಾಸಾಯನಿಕ ಸಂದೇಶಗಳು ಬಂದು ಕೂರುವ ತಾಣಗಳನ್ನು, ತಾನೇ ಹೋಗಿ ಆಕ್ರಮಿಸಿಕೊಳ್ಳುತ್ತದೆ. ಹಾಗೆ ಅದು ಆಕ್ರಮಿಸುವ ತಾಣಗಳು ಒಂದಲ್ಲ, ಹಲವು. ಎಲ್ಲವನ್ನೂ ಒಂದೇ ಬಿಗಿಯಲ್ಲಿ ಹಿಡಿಯುವುದಿಲ್ಲ ಎಂಬುದರಲ್ಲಿಯೇ ಈ ಲೇಖನದ ಗುಟ್ಟು ಅಡಗಿದೆ.

ನೆಗಡಿ ಮಾತ್ರೆಯ ನೆಂಟಸ್ತಿಕೆ

ಮಿರ್ಟಜಪಿನ್ ಎಲ್ಲಕ್ಕಿಂತ ಬಿಗಿಯಾಗಿ ಹಿಡಿಯುವುದು ಹಿಸ್ಟಮಿನ್‌ನ ಎಚ್-1 ಗ್ರಾಹಕವನ್ನು. ಹಿಸ್ಟಮಿನ್ ಎಂದೊಡನೆ ತುರಿಕೆ, ಸೀನು, ಅಲರ್ಜಿ ನೆನಪಾಗುತ್ತವೆ. ಆದರೆ ಮಿದುಳಿನೊಳಗೆ ಅದರ ಕೆಲಸವೇ ಬೇರೆ. ಹೈಪೊಥಲಾಮಸ್‌ನ ಹಿಂಭಾಗದಲ್ಲಿರುವ ಒಂದು ಪುಟ್ಟ ನರಕೋಶ ಗುಂಪು ಹಗಲಿನಲ್ಲಿ ಹಿಸ್ಟಮಿನ್ ಸುರಿಸುತ್ತಾ ಇಡೀ ಮಿದುಳನ್ನು ಎಚ್ಚರವಾಗಿಡುತ್ತದೆ. ನಿದ್ರೆಯಲ್ಲಿ ಆ ಗುಂಪು ಮೌನವಾಗುತ್ತದೆ. ಹಳೆಯ ಕಾಲದ ನೆಗಡಿ, ಅಲರ್ಜಿ ಮಾತ್ರೆಗಳನ್ನು ನುಂಗಿದವರಿಗೆ ತೂಕಡಿಕೆ ಬರುವುದು ಇದೇ ಕಾರಣಕ್ಕೆ. ಅವು ಮೂಗಿನಲ್ಲಿ ಮಾತ್ರವಲ್ಲದೆ ಮಿದುಳಿನಲ್ಲಿಯೂ ಹಿಸ್ಟಮಿನ್‌ನ ಬಾಗಿಲು ಮುಚ್ಚುತ್ತವೆ. ಮಿರ್ಟಜಪಿನ್ ಮಾಡುವುದೂ ಅದನ್ನೇ, ಇನ್ನಷ್ಟು ಬಲವಾಗಿ.

ಎಷ್ಟು ಬಲವಾಗಿ ಎಂಬುದನ್ನು ಜಪಾನಿನ ತೊಹೊಕು ವಿಶ್ವವಿದ್ಯಾಲಯದ ತಂಡವೊಂದು ಅಳೆದು ನೋಡಿದೆ. ಆರೋಗ್ಯವಂತ ಸ್ವಯಂಸೇವಕರಿಗೆ 15 ಮಿಲಿಗ್ರಾಂ ಮಿರ್ಟಜಪಿನ್ ನೀಡಿ ಪೆಟ್ ಸ್ಕ್ಯಾನ್ ಮಾಡಿದಾಗ, ಅವರ ಮಿದುಳಿನ ಎಚ್-1 ಗ್ರಾಹಕಗಳ ಪೈಕಿ ಸುಮಾರು ಶೇ 80ರಿಂದ 90ರಷ್ಟನ್ನು ಔಷಧಿ ಆಕ್ರಮಿಸಿಕೊಂಡಿತ್ತು. ಅದು ಚಿಕಿತ್ಸೆಯ ಆರಂಭಿಕ ಪ್ರಮಾಣ ಎಂಬುದನ್ನು ಗಮನಿಸಬೇಕು. ನೂರರಲ್ಲಿ ಎಂಬತ್ತು ತೊಂಬತ್ತು ಬಾಗಿಲುಗಳು ಮೊದಲ ಮೆಟ್ಟಿಲಿನಲ್ಲಿಯೇ ಮುಚ್ಚಿಹೋದರೆ, ಪ್ರಮಾಣ ಏರಿಸಿದಾಗ ಮುಚ್ಚಲು ಉಳಿಯುವುದು ಹತ್ತಿಪ್ಪತ್ತು ಮಾತ್ರ.

ಬಸ್ಸು ತುಂಬುವ ಕ್ರಮ

ನಿಲ್ದಾಣದಲ್ಲಿ ಖಾಲಿ ಬಸ್ಸು ನಿಂತಿದೆ ಎಂದುಕೊಳ್ಳಿ. ಮೊದಲು ಹತ್ತಿದವರು ಕಿಟಕಿ ಪಕ್ಕದ ಆಸನಗಳನ್ನು ಹಿಡಿಯುತ್ತಾರೆ. ಅವು ಭರ್ತಿಯಾಗುತ್ತಾ ಬಂದ ಮೇಲೆ ಒಳಬದಿಯ ಆಸನಗಳು ತುಂಬತೊಡಗುತ್ತವೆ. ಮಿರ್ಟಜಪಿನ್‌ಗೆ ಎಚ್-1 ಗ್ರಾಹಕವೆಂದರೆ ಕಿಟಕಿ ಪಕ್ಕದ ಆಸನ. ಒಳಬದಿಯ ಆಸನವೆಂದರೆ ಆಲ್ಫಾ-2 ಎಂಬ ಮತ್ತೊಂದು ಗ್ರಾಹಕ. ಅದನ್ನು ಈ ಔಷಧಿ ಹಲವು ಪಟ್ಟು ಸಡಿಲವಾಗಿ ಹಿಡಿಯುತ್ತದೆ.

ಇದನ್ನು ಸಣ್ಣ ಲೆಕ್ಕದಿಂದ ನೋಡಬಹುದು. ಇದು ಯಾವುದೇ ರೋಗಿಯ ರಕ್ತದಲ್ಲಿ ಅಳೆದ ಅಂಕಿಯಲ್ಲ, ಔಷಧ ವಿಜ್ಞಾನದ ಪ್ರಾಥಮಿಕ ಸೂತ್ರವನ್ನು ಬಳಸಿ ಮಾಡಿದ ಉದಾಹರಣೆ. ಔಷಧಿಯ ಸಾಂದ್ರತೆ 1 ಘಟಕವಿದ್ದಾಗ ಎಚ್-1 ಗ್ರಾಹಕಗಳು ಅರ್ಧ ತುಂಬುತ್ತವೆ, 20 ಘಟಕವಿದ್ದಾಗ ಆಲ್ಫಾ-2 ಗ್ರಾಹಕಗಳು ಅರ್ಧ ತುಂಬುತ್ತವೆ ಎಂದಿಟ್ಟುಕೊಳ್ಳೋಣ. ದಿನವೂ 7.5 ಮಿಲಿಗ್ರಾಂ ನುಂಗುವವರಲ್ಲಿ ಸಾಂದ್ರತೆ 4 ಘಟಕ ಎಂದು ಭಾವಿಸಿದರೆ ಎಚ್-1 ಶೇ 80ರಷ್ಟು ತುಂಬುತ್ತದೆ. ಆಲ್ಫಾ-2 ಕೇವಲ ಶೇ 17. ಪ್ರಮಾಣವನ್ನು ನಾಲ್ಕು ಪಟ್ಟು ಮಾಡಿ 30 ಮಿಲಿಗ್ರಾಂ ಕೊಟ್ಟಾಗ ಎಚ್-1 ಶೇ 94ಕ್ಕೆ ಏರುತ್ತದೆ, ಅಷ್ಟೇ. ಆದರೆ ಆಲ್ಫಾ-2 ಶೇ 17ರಿಂದ 44ಕ್ಕೆ ಜಿಗಿಯುತ್ತದೆ. 45 ಮಿಲಿಗ್ರಾಂಗೆ ಹೋದರೆ ಎಚ್-1 ಶೇ 96, ಆಲ್ಫಾ-2 ಶೇ 55. ಅಂದರೆ ಪ್ರಮಾಣ ಹೆಚ್ಚಿಸುತ್ತಾ ಹೋದಂತೆ ನಿದ್ದೆಯ ಕಡೆ ಹೆಚ್ಚುವರಿಯಾಗಿ ಸೇರುವುದು ಅತ್ಯಲ್ಪ. ಇನ್ನೊಂದು ಕಡೆ ಸೇರುವುದು ಬಹಳ.

ಆ ಇನ್ನೊಂದು ಕಡೆ ಏನಾಗುತ್ತದೆ? ನಾರ್‌ಅಡ್ರಿನಲಿನ್ ಎಂಬುದು ಎಚ್ಚರ, ಗಮನ, ಚುರುಕುತನಗಳಿಗೆ ಸಂಬಂಧಿಸಿದ ರಾಸಾಯನಿಕ. ಅದನ್ನು ಸುರಿಸುವ ನರಕೋಶಗಳು ತಾವು ಎಷ್ಟು ಸುರಿಸಿದ್ದೇವೆ ಎಂಬುದನ್ನು ತಮ್ಮದೇ ಮೇಲಿರುವ ಆಲ್ಫಾ-2 ಗ್ರಾಹಕಗಳ ಮೂಲಕ ಅರಿತು, ಸಾಕೆನಿಸಿದಾಗ ನಿಲ್ಲಿಸುತ್ತವೆ. ಇದೊಂದು ಬ್ರೇಕ್. ಮಿರ್ಟಜಪಿನ್ ಈ ಬ್ರೇಕಿಗೆ ಅಡ್ಡ ಬಂದಾಗ ನಾರ್‌ಅಡ್ರಿನಲಿನ್ ಸುರಿಯುವುದು ನಿಲ್ಲದೆ ಮುಂದುವರಿಯುತ್ತದೆ. ಖಿನ್ನತೆಯ ವಿರುದ್ಧ ಔಷಧಿ ಕೆಲಸ ಮಾಡುವ ಮುಖ್ಯ ದಾರಿಗಳಲ್ಲಿ ಇದೂ ಒಂದು ಎಂದು ಭಾವಿಸಲಾಗಿದೆ. ಜೊತೆಗೆ, ಹಿಸ್ಟಮಿನ್ ಕಡೆಯಿಂದ ಬರುವ ಮಂಪರಿಗೆ ಇದು ಎದುರೇಟು ಕೊಡುತ್ತದೆ. ಕಡಿಮೆ ಪ್ರಮಾಣದಲ್ಲಿ ಮಂಪರು ಒಂಟಿಯಾಗಿರುತ್ತದೆ. ಹೆಚ್ಚು ಪ್ರಮಾಣದಲ್ಲಿ ಅದಕ್ಕೊಬ್ಬ ಎದುರಾಳಿ ಹುಟ್ಟಿಕೊಳ್ಳುತ್ತಾನೆ. 'ಕಡಿಮೆಯಾದರೆ ಹೆಚ್ಚು ನಿದ್ದೆ' ಎಂಬ ಮಾತಿನ ಹಿಂದಿರುವ ತರ್ಕ ಇಷ್ಟೇ.

ಇದೇ ತರ್ಕಕ್ಕೆ ಹತ್ತಿರದ ನಿದರ್ಶನವೊಂದು ಬೇರೆ ಔಷಧಿಯಲ್ಲಿದೆ. ಡಾಕ್ಸೆಪಿನ್ ಎಂಬ ಹಳೆಯ ಖಿನ್ನತೆ ನಿವಾರಕವನ್ನು ಖಿನ್ನತೆಗೆ 75 ಮಿಲಿಗ್ರಾಂ ಹಾಗೂ ಅದಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ ನೀಡುತ್ತಾರೆ. ಅದೇ ಔಷಧಿಯನ್ನು ಬರೀ 3 ಮತ್ತು 6 ಮಿಲಿಗ್ರಾಂ ಮಾತ್ರೆಯಾಗಿ ನಿದ್ರಾಹೀನತೆಗೆ ಬಳಸಲು ಅಮೆರಿಕ 2010ರಲ್ಲಿ ಅನುಮತಿ ನೀಡಿತು. ಅಷ್ಟು ಸಣ್ಣ ಪ್ರಮಾಣದಲ್ಲಿ ಅದು ಹೆಚ್ಚುಕಡಿಮೆ ಎಚ್-1 ಗ್ರಾಹಕವನ್ನು ಮಾತ್ರ ಮುಟ್ಟುತ್ತದೆ.

ಅರ್ಧ ಮಾತ್ರೆಯ ಭ್ರಮೆ

ಮೇಲಿನ ಲೆಕ್ಕವನ್ನು ತಿರುಗಿಸಿ ನೋಡಿದರೆ ಇನ್ನೊಂದು ಉಪಯುಕ್ತ ಸಂಗತಿ ಹೊರಬೀಳುತ್ತದೆ. ಮಂಪರಿನಿಂದ ಬೇಸತ್ತ ಕೆಲವರು 7.5 ಮಿಲಿಗ್ರಾಂ ಮಾತ್ರೆಯನ್ನೂ ಬ್ಲೇಡಿನಿಂದ ಎರಡು ಮಾಡಿ ನುಂಗುವುದುಂಟು. ಆಗ ಸಾಂದ್ರತೆ 4ರಿಂದ 2 ಘಟಕಕ್ಕೆ ಇಳಿಯುತ್ತದೆ. ಎಚ್-1 ಶೇ 80ರಿಂದ 67ಕ್ಕೆ ಇಳಿಯುತ್ತದೆ. ಔಷಧಿ ಅರ್ಧವಾದರೂ ಮುಚ್ಚಿದ ಬಾಗಿಲುಗಳಲ್ಲಿ ಆರನೇ ಐದರಷ್ಟು ಮುಚ್ಚಿಯೇ ಇವೆ. ಖಿನ್ನತೆಗೆ ಬೇಕಾದ ಆಲ್ಫಾ-2 ಭಾಗವಾದರೋ ಶೇ 17ರಿಂದ 9ಕ್ಕೆ, ಅಂದರೆ ಅರ್ಧಕ್ಕೆ ಕುಸಿದಿರುತ್ತದೆ. ಮಂಪರು ಅಷ್ಟಾಗಿ ಇಳಿಯಲಿಲ್ಲ, ರೋಗಕ್ಕೆ ಸಿಗುತ್ತಿದ್ದ ಅಲ್ಪ ಉಪಕಾರವೂ ಹೋಯಿತು. ವೈದ್ಯರಿಗೆ ತಿಳಿಸದೆ ಮಾತ್ರೆ ಮುರಿದು ಸೇವಿಸಿದವರು, 'ಔಷಧಿಯಿಂದ ನಿದ್ದೆಯೊಂದೇ ಬಂತು, ಬೇಸರ ಹಾಗೆಯೇ ಇದೆ' ಎಂದು ಹೇಳುವುದರಲ್ಲಿ ಆಶ್ಚರ್ಯವಿಲ್ಲ.

ಒಬ್ಬ ರೋಗಿಯ ಮೂರು ವಾರ

ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ಹುಬ್ಬಳ್ಳಿಯ ಸಹಕಾರಿ ಬ್ಯಾಂಕೊಂದರಲ್ಲಿ ಗುಮಾಸ್ತೆಯಾಗಿರುವ 44 ವರ್ಷದ ಮಹಿಳೆ, ತೂಕ 58 ಕಿಲೋ. ಆರು ತಿಂಗಳಿನಿಂದ ಬೆಳಗಿನ ಜಾವ ಮೂರು ಗಂಟೆಗೆ ಎಚ್ಚರವಾಗಿ ಮತ್ತೆ ನಿದ್ದೆ ಬರುವುದಿಲ್ಲ, ಊಟ ಸೇರುವುದಿಲ್ಲ. ಮನೋವೈದ್ಯರು ರಾತ್ರಿ ಹತ್ತಕ್ಕೆ 15 ಮಿಲಿಗ್ರಾಂ ಮಿರ್ಟಜಪಿನ್ ಬರೆಯುತ್ತಾರೆ.

ಔಷಧಿ ರಕ್ತದಲ್ಲಿ ಗರಿಷ್ಠ ಮಟ್ಟ ಮುಟ್ಟಲು ಸುಮಾರು ಎರಡು ಗಂಟೆ ಬೇಕು. ಅದರ ಅರ್ಧಾಯುಷ್ಯ, ಅಂದರೆ ರಕ್ತದಲ್ಲಿನ ಪ್ರಮಾಣ ಅರ್ಧಕ್ಕೆ ಇಳಿಯಲು ತಗಲುವ ಕಾಲ, 20ರಿಂದ 40 ಗಂಟೆ. ಮಹಿಳೆಯರಲ್ಲಿ ಸಾಮಾನ್ಯವಾಗಿ ಪುರುಷರಿಗಿಂತ ದೀರ್ಘ. ಮೂವತ್ತು ಗಂಟೆ ಎಂದು ಹಿಡಿದರೆ, ಮಧ್ಯರಾತ್ರಿಯ ಗರಿಷ್ಠ ಮಟ್ಟದ ಶೇ 85ರಷ್ಟು ಬೆಳಿಗ್ಗೆ ಏಳಕ್ಕೂ ರಕ್ತದಲ್ಲಿ ಉಳಿದಿರುತ್ತದೆ. ಮೊದಲ ಬೆಳಗಿನ ಅನುಭವ ಇದರಿಂದ ಅರ್ಥವಾಗುತ್ತದೆ. ರಾತ್ರಿ ನಿದ್ದೆ ಬಂದದ್ದು ನಿಜ. ಆದರೆ ಅಲಾರಾಂ ಹೊಡೆದಾಗ ತಲೆ ಭಾರ, ಕಾಲು ಭಾರ, ಹನ್ನೊಂದರವರೆಗೆ ಲೆಡ್ಜರಿನ ಅಕ್ಷರ ಕಣ್ಣಿಗೆ ನಿಲ್ಲುವುದಿಲ್ಲ.

ಮುಂದೆ ನಡೆಯುವುದು ಇನ್ನೂ ಸ್ವಾರಸ್ಯಕರ. ದಿನವೂ ಒಂದೇ ಮಾತ್ರೆ ನುಂಗಿದರೂ ಹಿಂದಿನ ದಿನದ ಉಳಿಕೆಗೆ ಹೊಸದು ಸೇರುತ್ತಾ ಹೋಗುವುದರಿಂದ ಐದಾರು ದಿನಗಳಲ್ಲಿ ರಕ್ತದ ಮಟ್ಟ ಮೊದಲ ದಿನದ ಎರಡು ಪಟ್ಟಿಗೂ ಮೀರಿ ಸ್ಥಿರವಾಗುತ್ತದೆ. ಹಾಗಿದ್ದರೆ ಆರನೇ ದಿನ ಮಂಪರು ದುಪ್ಪಟ್ಟಾಗಬೇಕಲ್ಲವೇ? ಬಹುತೇಕ ರೋಗಿಗಳಲ್ಲಿ ಆಗುವುದು ಅದರ ವಿರುದ್ಧ. ಒಂದೆರಡು ವಾರಗಳಲ್ಲಿ ಹಗಲಿನ ತೂಕಡಿಕೆ ಇಳಿಮುಖವಾಗುತ್ತದೆ. ಎಚ್-1 ಬಾಗಿಲುಗಳು ಮೊದಲ ರಾತ್ರಿಯೇ ಬಹುಪಾಲು ಮುಚ್ಚಿದ್ದವು, ಹಾಗಾಗಿ ಮಟ್ಟ ಏರಿದರೂ ಅಲ್ಲಿ ಹೆಚ್ಚಿನ ಬದಲಾವಣೆ ಇಲ್ಲ. ಜೊತೆಗೆ ಮಿದುಳು ಹಿಸ್ಟಮಿನ್ ತಡೆಗೆ ಒಗ್ಗಿಕೊಳ್ಳುತ್ತದೆ. ನಿದ್ದೆ ತರುವ ಅಲರ್ಜಿ ಮಾತ್ರೆಗಳು ಕೆಲವೇ ದಿನಗಳಲ್ಲಿ ನಿದ್ದೆ ತರಿಸುವುದನ್ನು ಬಿಡುವುದು ಇದರಿಂದಲೇ.

ಎರಡನೇ ವಾರದ ಕೊನೆಯಲ್ಲಿ ಈ ಮಹಿಳೆಗೆ ನಿದ್ದೆ ಸುಧಾರಿಸಿದೆ, ಮನಸ್ಸಿನ ಭಾರ ಇಳಿದಿಲ್ಲ. ವೈದ್ಯರು 30 ಮಿಲಿಗ್ರಾಂಗೆ ಏರಿಸುತ್ತಾರೆ. ಮೂರನೇ ವಾರದಲ್ಲಿ ಬೆಳಗಿನ ಮಂಪರು ಮೊದಲಿಗಿಂತ ಕಡಿಮೆ ಎಂದು ಆಕೆ ಹೇಳುತ್ತಾರೆ. ಪ್ರಮಾಣ ಏರಿಸಿದ್ದರಿಂದ ಮಂಪರು ಇಳಿಯಿತು ಎಂದು ಎಲ್ಲರಿಗೂ ಅನ್ನಿಸುತ್ತದೆ. ಅನ್ನಿಸಿದ್ದು ನಿಜವೇ?

ತರ್ಕಕ್ಕೂ ಪುರಾವೆಗೂ ನಡುವೆ

ಪ್ರಶ್ನೆ ಇರುವುದೇ ಇಲ್ಲಿ. ಮಿರ್ಟಜಪಿನ್ ಚಿಕಿತ್ಸೆ ಬಹುತೇಕ ಎಲ್ಲರಲ್ಲಿಯೂ ಕಡಿಮೆ ಪ್ರಮಾಣದಿಂದ ಆರಂಭವಾಗಿ ಹೆಚ್ಚಿನದಕ್ಕೆ ಹೋಗುತ್ತದೆ. ಅಂದರೆ 'ಕಡಿಮೆ ಪ್ರಮಾಣ' ಎಂಬುದು 'ಮೊದಲ ವಾರ'ವೂ ಹೌದು. 'ಹೆಚ್ಚಿನ ಪ್ರಮಾಣ' ಎಂಬುದು 'ಮೂರನೇ ವಾರ'ವೂ ಹೌದು. ಮೂರನೇ ವಾರದಲ್ಲಿ ಮಂಪರು ಇಳಿದದ್ದು ನಾರ್‌ಅಡ್ರಿನಲಿನ್‌ನಿಂದಲೋ ಅಥವಾ ದೇಹ ಒಗ್ಗಿಕೊಂಡದ್ದರಿಂದಲೋ ಎಂದು ಬೇರ್ಪಡಿಸಿ ಹೇಳುವುದು ಕಷ್ಟ. ಆಕೆಯನ್ನು 15 ಮಿಲಿಗ್ರಾಂನಲ್ಲಿಯೇ ಇರಿಸಿದ್ದರೂ ಮೂರನೇ ವಾರ ಮಂಪರು ಇಳಿಯುತ್ತಿತ್ತೇನೋ.

ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್‌ನ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ತೊಡಕನ್ನು ಚೆನ್ನಾಗಿ ತೋರಿಸುತ್ತದೆ. ಆರೋಗ್ಯವಂತ ಸ್ವಯಂಸೇವಕರಿಗೆ ಮೊದಲ ವಾರ ರಾತ್ರಿ 30 ಮಿಲಿಗ್ರಾಂ, ಎರಡನೇ ವಾರ 45 ಮಿಲಿಗ್ರಾಂ ಮಿರ್ಟಜಪಿನ್ ಕೊಟ್ಟು, ನಿಜವಾದ ರಸ್ತೆಯ ಮೇಲೆ ಕಾರು ಓಡಿಸಲು ಹೇಳಿ, ಕಾರು ತನ್ನ ಪಥದಿಂದ ಅತ್ತಿತ್ತ ಎಷ್ಟು ಓಲಾಡುತ್ತದೆ ಎಂದು ಅಳೆಯಲಾಯಿತು. ಮೊದಲ ಮಾತ್ರೆಯ ಮರುದಿನ ಓಲಾಟ ಸ್ಪಷ್ಟವಾಗಿ ಹೆಚ್ಚಿತ್ತು. ಪ್ರಮಾಣ 45ಕ್ಕೆ ಏರಿದ ಮೇಲೆ ಆ ವ್ಯತ್ಯಾಸ ಕಾಣಲಿಲ್ಲ. ಪ್ರಮಾಣ ಏರಿಕೆಯ ಪರವಾಗಿರುವವರು ಇದನ್ನು ತಮ್ಮ ಸಾಕ್ಷಿ ಎನ್ನಬಹುದು. ಒಗ್ಗಿಕೊಳ್ಳುವಿಕೆಯ ಪರವಾಗಿರುವವರೂ ಅದನ್ನೇ ಎನ್ನಬಹುದು. ಇಬ್ಬರ ವಾದಕ್ಕೂ ಅಡ್ಡಿಯಿಲ್ಲ. ಜಗಳ ಬಿಡಿಸಬೇಕಾದರೆ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಮೊದಲ ರಾತ್ರಿಯಿಂದಲೇ ಒಂದು ಗುಂಪಿಗೆ ಕಡಿಮೆ, ಇನ್ನೊಂದಕ್ಕೆ ಹೆಚ್ಚು ಕೊಟ್ಟು ಹೋಲಿಸಬೇಕು.

ಆದ್ದರಿಂದ 'ಕೆಲವೊಮ್ಮೆ' ಎಂಬ ಪದವನ್ನು ಈ ವಿಷಯದಲ್ಲಿ ಕೈಬಿಡುವಂತಿಲ್ಲ. ಪ್ರಮಾಣ ಏರಿಸಿದಾಗ ಕೆಲವರಿಗೆ ಮಂಪರು ಇಳಿಯುತ್ತದೆ. ಕೆಲವರಿಗೆ ವ್ಯತ್ಯಾಸವೇ ಇರುವುದಿಲ್ಲ. ಇನ್ನು ಕೆಲವರಿಗೆ ಹೆಚ್ಚುತ್ತದೆ. ಖಚಿತವಾಗಿ ಹೇಳಬಹುದಾದದ್ದು ಇಷ್ಟು: ಪ್ರಮಾಣ ದುಪ್ಪಟ್ಟಾದರೆ ಮಂಪರು ದುಪ್ಪಟ್ಟಾಗುವುದಿಲ್ಲ. ಮಂಪರಿಗೆ ಹೆದರಿ ಖಿನ್ನತೆಗೆ ಸಾಲದ ಪ್ರಮಾಣದಲ್ಲಿಯೇ ತಿಂಗಳುಗಟ್ಟಲೆ ಉಳಿಯುವುದಕ್ಕೆ ಅರ್ಥವಿಲ್ಲ ಎಂಬುದೇ ವೈದ್ಯರ ನಿರ್ಧಾರದ ಹಿಂದಿರುವ ನಿಜವಾದ ಕಾರಣ.

ಮಂಪರು ಅಪರೂಪದ ಅಡ್ಡ ಪರಿಣಾಮವಂತೂ ಅಲ್ಲ. ಅಮೆರಿಕದಲ್ಲಿ ಒಪ್ಪಿಗೆಗೆ ಮುನ್ನ ನಡೆದ ಪರೀಕ್ಷೆಗಳಲ್ಲಿ ಮಿರ್ಟಜಪಿನ್ ಪಡೆದವರ ಪೈಕಿ ಶೇ 54ರಷ್ಟು ಮಂದಿ ತೂಕಡಿಕೆ ಹೇಳಿಕೊಂಡರು. ಔಷಧಿಯಿಲ್ಲದ ತೋರಿಕೆಯ ಮಾತ್ರೆ ಪಡೆದವರಲ್ಲಿ ಶೇ 18. ತೂಕಡಿಕೆಯ ಕಾರಣಕ್ಕೇ ಚಿಕಿತ್ಸೆ ಬಿಟ್ಟವರು ಸುಮಾರು ಶೇ 10.

ಹಸಿವಿನ ಕಥೆ

ಮಂಪರು ಇಳಿಯುತ್ತದೆ, ತೂಕ ಇಳಿಯುವುದಿಲ್ಲ. ಈ ಔಷಧಿಯನ್ನು ದೀರ್ಘಕಾಲ ಬಳಸುವವರ ಮುಖ್ಯ ದೂರು ಇದೇ. ಅದೇ ಪರೀಕ್ಷೆಗಳಲ್ಲಿ ಹಸಿವು ಹೆಚ್ಚಿದೆ ಎಂದವರು ಶೇ 17, ತೋರಿಕೆಯ ಮಾತ್ರೆಯವರಲ್ಲಿ ಶೇ 2. ತಮ್ಮ ದೇಹತೂಕದ ಶೇ 7 ಅಥವಾ ಅದಕ್ಕಿಂತ ಹೆಚ್ಚು ಏರಿಸಿಕೊಂಡವರು ಶೇ 7.5, ತೋರಿಕೆಯ ಮಾತ್ರೆಯವರಲ್ಲಿ ಒಬ್ಬರೂ ಇಲ್ಲ. ನಮ್ಮ ಉದಾಹರಣೆಯ 58 ಕಿಲೋ ಮಹಿಳೆಗೆ ಶೇ 7 ಎಂದರೆ ನಾಲ್ಕು ಕಿಲೋ. ತೂಕದ ಯಂತ್ರ 62 ತೋರಿಸಿದ ದಿನ ಆಕೆ ಆ ಗೆರೆ ಮುಟ್ಟಿದಂತೆ.

ಇದಕ್ಕೆ ಎರಡು ಗ್ರಾಹಕಗಳು ಹೊಣೆ. ಒಂದು, ಅದೇ ಎಚ್-1. ಎಚ್ಚರವನ್ನು ಕಾಯುವ ಹಿಸ್ಟಮಿನ್ ಹೈಪೊಥಲಾಮಸ್‌ನಲ್ಲಿ ಹಸಿವಿಗೂ ಲಗಾಮು ಹಾಕುತ್ತದೆ. ಎರಡನೆಯದು ಸೆರೊಟೋನಿನ್‌ನ 2-ಸಿ ಎಂಬ ಗ್ರಾಹಕ. 'ಹೊಟ್ಟೆ ತುಂಬಿತು' ಎಂಬ ಸಂದೇಶ ಸಾಗುವ ದಾರಿಗಳಲ್ಲಿ ಅದೂ ಒಂದು. 1995ರಲ್ಲಿ ಅಮೆರಿಕದ ವಿಜ್ಞಾನಿಗಳು ಈ ಗ್ರಾಹಕವೇ ಇಲ್ಲದ ಇಲಿಗಳನ್ನು ಬೆಳೆಸಿದಾಗ ಅವು ಅತಿಯಾಗಿ ತಿಂದು ಬೊಜ್ಜು ಬೆಳೆಸಿಕೊಂಡಿದ್ದವು. ಮಿರ್ಟಜಪಿನ್ ಈ ಎರಡೂ ಲಗಾಮುಗಳನ್ನು ಒಟ್ಟಿಗೆ ಸಡಿಲಿಸುತ್ತದೆ. ಸಂಜೆ ಊಟ ಮುಗಿಸಿದ ಅರ್ಧ ಗಂಟೆಗೆ ಅಡುಗೆಮನೆಯ ಡಬ್ಬಿಗಳ ಮುಚ್ಚಳ ತೆಗೆಯುವಂತಾಗುವುದು, ಅದರಲ್ಲಿಯೂ ಸಿಹಿಯತ್ತ ಕೈ ಹೋಗುವುದು ಮನಸ್ಸಿನ ದೌರ್ಬಲ್ಯವಲ್ಲ.

ತಿನ್ನುವುದೊಂದೇ ಕಾರಣವೂ ಅಲ್ಲ. ಜರ್ಮನಿಯ ಮ್ಯೂನಿಕ್‌ನ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹತ್ತು ಮಂದಿ ಆರೋಗ್ಯವಂತ ಪುರುಷರಿಗೆ ಏಳು ದಿನ ದಿನಕ್ಕೆ 30 ಮಿಲಿಗ್ರಾಂ ಮಿರ್ಟಜಪಿನ್ ನೀಡಲಾಯಿತು. ಅವರ ಊಟ, ಓಡಾಟ, ನಿದ್ದೆಯ ವೇಳೆ ಎಲ್ಲವನ್ನೂ ಕಟ್ಟುನಿಟ್ಟಾಗಿ ಅಳತೆಯಲ್ಲಿಡಲಾಗಿತ್ತು. ಹೆಚ್ಚು ತಿನ್ನಲು ಅವಕಾಶವಿಲ್ಲದಿದ್ದರೂ ಅವರ ದೇಹ ಕೊಬ್ಬನ್ನು ಕಡಿಮೆ ಉರಿಸಿ ಸಕ್ಕರೆ-ಪಿಷ್ಟವನ್ನು ಹೆಚ್ಚು ಉರಿಸುವತ್ತ ವಾಲಿತು; ಊಟದ ನಂತರ ಇನ್ಸುಲಿನ್ ಹೆಚ್ಚು ಸುರಿಯಿತು. ಹತ್ತು ಮಂದಿಯ, ಒಂದು ವಾರದ ಅಧ್ಯಯನದಿಂದ ದೊಡ್ಡ ತೀರ್ಮಾನಕ್ಕೆ ಬರಲಾಗದು. ಆದರೂ 'ಬಾಯಿ ಕಟ್ಟಿದರೆ ತೂಕ ಏರುವುದಿಲ್ಲ' ಎಂಬ ಮನೆಯವರ ಉಪದೇಶ ಪೂರ್ತಿ ಸತ್ಯವಲ್ಲ ಎನ್ನಲು ಅದು ಸಾಕು.

ಅಡ್ಡ ಪರಿಣಾಮವೇ ಔಷಧಿಯಾಗುವ ಸಂದರ್ಭವೂ ಇದೆ. ಕಾಯಿಲೆಯಿಂದ ಊಟ ಬಿಟ್ಟು ಸೊರಗಿದ ಬೆಕ್ಕುಗಳ ತೂಕ ಹೆಚ್ಚಿಸಲೆಂದೇ, ಅವುಗಳ ಕಿವಿಯ ಒಳಬದಿಗೆ ಹಚ್ಚುವ ಮಿರ್ಟಜಪಿನ್ ಮುಲಾಮಿಗೆ ಅಮೆರಿಕ 2018ರಲ್ಲಿ ಒಪ್ಪಿಗೆ ನೀಡಿತು. ಊಟ ನಿದ್ದೆ ಎರಡನ್ನೂ ಕಳೆದುಕೊಂಡು ಬಡಕಲಾದ ವೃದ್ಧ ರೋಗಿಗೆ ವೈದ್ಯರು ಬೇರೆ ಖಿನ್ನತೆ ನಿವಾರಕಗಳನ್ನು ಬಿಟ್ಟು ಇದನ್ನೇ ಆರಿಸಿಕೊಳ್ಳುವುದೂ ಇದೇ ಲೆಕ್ಕಾಚಾರದಿಂದ. ಅದೇ ಔಷಧಿ, ಈಗಾಗಲೇ ಮಧುಮೇಹ ಇರುವ ಸ್ಥೂಲಕಾಯದ ರೋಗಿಗೆ ಹೊರೆ.

ಹಾಗಾದರೆ ನಿದ್ದೆಗೆಂದು 7.5 ಮಿಲಿಗ್ರಾಂ ಮಾತ್ರ ಸೇವಿಸುವವರು ತೂಕದ ಚಿಂತೆ ಬಿಡಬಹುದೇ? ಬಿಡುವಂತಿಲ್ಲ. ಮೇಲಿನ ಲೆಕ್ಕದ ಪ್ರಕಾರ ಹಸಿವಿನ ಲಗಾಮುಗಳಲ್ಲಿ ಒಂದಾದ ಎಚ್-1 ಆ ಪ್ರಮಾಣದಲ್ಲಿಯೇ ಬಹುಪಾಲು ಮುಚ್ಚಿರುತ್ತದೆ. ನಿದ್ರಾಹೀನತೆಗೆ ಇದನ್ನು ಬರೆಯುವುದು ಅಧಿಕೃತ ಅನುಮತಿಯ ಹೊರಗಿನ ಬಳಕೆ ಎಂಬುದನ್ನೂ ನೆನಪಿಡಬೇಕು. ನೆದರ್ಲೆಂಡ್ಸ್‌ನ ಕುಟುಂಬ ವೈದ್ಯರ ರೋಗಿಗಳಲ್ಲಿ ಇತ್ತೀಚೆಗೆ ನಡೆದ ಪರೀಕ್ಷೆಯೊಂದರಲ್ಲಿ ಕಡಿಮೆ ಪ್ರಮಾಣದ ಮಿರ್ಟಜಪಿನ್ ಆರು ವಾರಗಳ ಹೊತ್ತಿಗೆ ನಿದ್ದೆಯನ್ನು ಸುಧಾರಿಸಿತ್ತು. ಅನಂತರದ ವಾರಗಳಲ್ಲಿ ತೋರಿಕೆಯ ಮಾತ್ರೆಗೂ ಅದಕ್ಕೂ ವ್ಯತ್ಯಾಸ ಉಳಿಯಲಿಲ್ಲ. ನಿದ್ದೆಯ ಲಾಭಕ್ಕೆ ದೇಹ ಒಗ್ಗಿಕೊಂಡಷ್ಟು ಬೇಗ ಹಸಿವಿಗೆ ಒಗ್ಗಿಕೊಳ್ಳುವುದಿಲ್ಲ ಎಂಬುದು ಇಲ್ಲಿನ ಪೇಚು.

ಏನನ್ನು ಗಮನಿಸಬೇಕು

ಚಿಕಿತ್ಸೆ ಆರಂಭಿಸುವ ದಿನವೇ ತೂಕ ಮತ್ತು ಸೊಂಟದ ಸುತ್ತಳತೆ ಬರೆದಿಟ್ಟುಕೊಳ್ಳುವುದು ಉತ್ತಮ. ವಾರಕ್ಕೊಮ್ಮೆ ಒಂದೇ ಯಂತ್ರದಲ್ಲಿ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೋಡಿದರೆ ಸಾಕು. ಮೊದಲ ಒಂದೆರಡು ತಿಂಗಳಲ್ಲಿಯೇ ಎರಡು ಮೂರು ಕಿಲೋ ಏರಿದರೆ ಆರು ತಿಂಗಳು ಕಾಯದೆ ವೈದ್ಯರಿಗೆ ತಿಳಿಸಬೇಕು. ಖಿನ್ನತೆಯಿಂದ ಕಳೆದುಕೊಂಡಿದ್ದ ತೂಕ ಮರಳುತ್ತಿದೆಯೋ ಅಥವಾ ಅದನ್ನು ದಾಟಿ ಹೋಗುತ್ತಿದೆಯೋ ಎಂಬುದನ್ನು ಹಳೆಯ ತೂಕ ಗೊತ್ತಿದ್ದರೆ ಮಾತ್ರ ಹೇಳಲು ಸಾಧ್ಯ. ರಕ್ತದ ಕೊಬ್ಬಿನಂಶ, ಸಕ್ಕರೆಯನ್ನೂ ಪರೀಕ್ಷಿಸಬೇಕಾಗುತ್ತದೆ. ಒಪ್ಪಿಗೆ ಪೂರ್ವ ಪರೀಕ್ಷೆಗಳಲ್ಲಿ ಕೊಲೆಸ್ಟರಾಲ್ ಏರಿಕೆಯೂ ಕಂಡುಬಂದಿತ್ತು.

ಬೆಳಗಿನ ಮಂಪರಿಗೆ ವೈದ್ಯರು ಮೊದಲು ಕೇಳುವುದು ಮಾತ್ರೆ ನುಂಗಿದ ವೇಳೆಯನ್ನು. ಧಾರಾವಾಹಿ ಮುಗಿಸಿ ಹನ್ನೊಂದೂವರೆಗೆ ನುಂಗುವವರು ಒಂಬತ್ತಕ್ಕೆ ಬದಲಿಸಿದರೆ ಗರಿಷ್ಠ ಮಟ್ಟದ ಗಂಟೆಗಳು ನಿದ್ದೆಯೊಳಗೇ ಕಳೆಯುತ್ತವೆ. ಅರ್ಧಾಯುಷ್ಯ ದೀರ್ಘವಾದ್ದರಿಂದ ಲಾಭ ಅಲ್ಪ, ಆದರೂ ಪ್ರಯತ್ನಕ್ಕೆ ಖರ್ಚಿಲ್ಲ. ಮೊದಲ ವಾರ ಮತ್ತು ಪ್ರಮಾಣ ಬದಲಾದ ನಂತರದ ದಿನಗಳಲ್ಲಿ ದ್ವಿಚಕ್ರ ವಾಹನ, ಕಾರು ಓಡಿಸದಿರುವುದು ಲೇಸು. ಮದ್ಯ ಮತ್ತು ಇತರ ನಿದ್ದೆ ಮಾತ್ರೆಗಳು ಮಂಪರನ್ನು ಕೂಡಿಸುತ್ತವೆ. ಹಳೆಯ ನೆಗಡಿ ಮಾತ್ರೆಯೂ ಆ ಪಟ್ಟಿಯಲ್ಲಿದೆ ಎಂಬುದು ಅನೇಕರಿಗೆ ತಿಳಿದಿರುವುದಿಲ್ಲ.

ಇನ್ನೊಂದು ಲಕ್ಷಣವನ್ನು ರೋಗಿಗಳು 'ನಿದ್ದೆ ಸರಿಯಿಲ್ಲ' ಎಂಬ ಒಂದೇ ಮಾತಿನಲ್ಲಿ ಮುಚ್ಚಿಬಿಡುತ್ತಾರೆ. ಮಲಗಿದೊಡನೆ ಕಾಲುಗಳಲ್ಲಿ ಹೇಳಲಾಗದ ತುಡಿತ, ಅಲುಗಾಡಿಸಿದರೆ ಮಾತ್ರ ನೆಮ್ಮದಿ. ಜರ್ಮನಿಯಲ್ಲಿ 2008ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಹೊಸ ಖಿನ್ನತೆ ನಿವಾರಕಗಳನ್ನು ಆರಂಭಿಸಿದವರನ್ನು ವಿಚಾರಿಸಿದಾಗ, ಈ ತೊಂದರೆ ಹೊಸದಾಗಿ ಕಾಣಿಸಿಕೊಂಡದ್ದು ಅಥವಾ ಉಲ್ಬಣಿಸಿದ್ದು ಮಿರ್ಟಜಪಿನ್ ಪಡೆದವರಲ್ಲಿಯೇ ಅತಿ ಹೆಚ್ಚು, ಶೇ 28. ನಿದ್ದೆಗೆಂದು ಕೊಟ್ಟ ಔಷಧಿಯೇ ನಿದ್ದೆ ಕೆಡಿಸುತ್ತಿದ್ದಾಗ ಪ್ರಮಾಣ ಏರಿಸುವುದರಿಂದ ಪ್ರಯೋಜನವಿಲ್ಲ. ಕಾಲಿನ ತುಡಿತವನ್ನು ಪ್ರತ್ಯೇಕವಾಗಿ ಹೇಳಿದರೆ ಮಾತ್ರ ವೈದ್ಯರಿಗೆ ಸುಳಿವು ಸಿಗುತ್ತದೆ.

ಅಪಸ್ಮಾರಕ್ಕೆ ಕಾರ್ಬಮಜೆಪಿನ್ ಅಥವಾ ಫೆನಿಟಾಯ್ನ್ ಸೇವಿಸುವವರಲ್ಲಿ ಯಕೃತ್ತು ಮಿರ್ಟಜಪಿನ್ ಅನ್ನು ಬೇಗ ಕರಗಿಸುವುದರಿಂದ ರಕ್ತದ ಮಟ್ಟ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಅಂಥವರು 30 ಮಿಲಿಗ್ರಾಂ ನುಂಗಿದರೂ ಒಳಗೆ ಕೆಲಸ ಮಾಡುವುದು ಹೆಚ್ಚುಕಡಿಮೆ 15 ಮಿಲಿಗ್ರಾಂನಷ್ಟು. ಮೇಲೆ ಹೇಳಿದ ಲೆಕ್ಕದಂತೆ ಮಂಪರು ಉಳಿದು, ರೋಗಕ್ಕೆ ಬೇಕಾದ ಭಾಗ ಸೋರಿಹೋಗುವ ಸಾಧ್ಯತೆ ಇಲ್ಲಿಯೂ ಇದೆ. ಬೇರೆ ಯಾವ ಮಾತ್ರೆಗಳಿವೆ ಎಂಬುದನ್ನು ಮನೋವೈದ್ಯರ ಮುಂದೆ ಹೇಳುವುದು ಅದಕ್ಕಾಗಿಯೇ ಅಗತ್ಯ.

ಜ್ವರದೊಡನೆ ಗಂಟಲು ನೋವು, ಬಾಯಿಹುಣ್ಣು ಕಾಣಿಸಿಕೊಂಡರೆ ಮಾತ್ರ ಮುಂದಿನ ಭೇಟಿಗೆ ಕಾಯದೆ ಅದೇ ದಿನ ರಕ್ತಪರೀಕ್ಷೆ ಮಾಡಿಸಬೇಕು. ಬಿಳಿ ರಕ್ತಕಣಗಳು ತೀವ್ರವಾಗಿ ಕುಸಿಯುವುದು ಈ ಔಷಧಿಯ ಅತ್ಯಪರೂಪದ, ಆದರೆ ಅಪಾಯಕಾರಿ ಪರಿಣಾಮ. ಒಪ್ಪಿಗೆಗೆ ಮುನ್ನ ನಡೆದ ಪರೀಕ್ಷೆಗಳಲ್ಲಿ 2,796 ರೋಗಿಗಳ ಪೈಕಿ ಇಬ್ಬರಲ್ಲಿ ಅದು ರೋಗಲಕ್ಷಣಗಳೊಡನೆ ಕಂಡುಬಂದಿತ್ತು. ಔಷಧಿ ನಿಲ್ಲಿಸಿದ ಬಳಿಕ ಅವರು ಚೇತರಿಸಿಕೊಂಡರು. ಉಳಿದಂತೆ ತೂಕಕ್ಕೋ ಮಂಪರಿಗೋ ಬೇಸತ್ತು ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ ತಲೆಸುತ್ತು, ವಾಕರಿಕೆ, ಕಳವಳ, ಕೆಲವು ರಾತ್ರಿಗಳ ನಿದ್ದೆಗೇಡು ಎದುರಾಗುವುದರಿಂದ ವಾರಗಳ ಅವಧಿಯಲ್ಲಿ ಹಂತಹಂತವಾಗಿ ಇಳಿಸಲಾಗುತ್ತದೆ. 30ರಿಂದ 15ಕ್ಕೆ ಇಳಿಸಿದ ವಾರ ಮಂಪರು ತುಸು ಹೆಚ್ಚಿದಂತೆ ಅನ್ನಿಸಿದರೆ ಗಾಬರಿಯಾಗದೆ ಅದನ್ನು ವೈದ್ಯರಿಗೆ ತಿಳಿಸಿದರಾಯಿತು.